ಹೊರತಾಪ ಗೊತ್ತಿಲ್ಲದೆಯೂ ಆಯಿಲ್ ಕೂಲರ್ ಲೆಕ್ಕ

ಶೆಲ್‌ನಲ್ಲಿ ಎಣ್ಣೆ, ಟ್ಯೂಬ್‌ಗಳಲ್ಲಿ ನೀರು. ಎಣ್ಣೆ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳಬರುತ್ತದೆ, ನೀರು 30ರಲ್ಲಿ. ಹೊರಬೀಳುವಾಗ ಅವು ಎಷ್ಟಿರುತ್ತವೆ? ಲಾಗ್ ಸರಾಸರಿ ತಾಪ ವ್ಯತ್ಯಾಸದ ಸೂತ್ರ ಹಿಡಿದರೆ, ನಾವು ಹುಡುಕುತ್ತಿರುವ ಹೊರತಾಪಗಳನ್ನೇ ಅದು ಮೊದಲು ಕೇಳುತ್ತದೆ. ಊಹಿಸಿ, ತಾಳೆ ನೋಡಿ, ಮತ್ತೆ ಊಹಿಸುವ ಆ ಸುತ್ತಾಟ ಪರಿಣಾಮಕಾರಿತ್ವದ ವಿಧಾನದಲ್ಲಿ ಇಲ್ಲ.

ಮೊದಲು ಪ್ರತಿ ದ್ರವದ ಹರಿವನ್ನು ಅದರ ವಿಶಿಷ್ಟೋಷ್ಣದಿಂದ ಗುಣಿಸಿ. ಎರಡೂ ಸೆಕೆಂಡಿಗೆ 2 ಕಿಲೋ ಹರಿಯುತ್ತವೆ ಎನ್ನೋಣ. ಎಣ್ಣೆಗೆ 2 × 2.1 = 4.2, ನೀರಿಗೆ 2 × 4.2 = 8.4 ಕಿಲೋವ್ಯಾಟ್ ಪ್ರತಿ ಡಿಗ್ರಿಗೆ. ಚಿಕ್ಕದು ಎಣ್ಣೆಯದು, ಚಿಕ್ಕದಕ್ಕೂ ದೊಡ್ಡದಕ್ಕೂ ಇರುವ ಅನುಪಾತ Cr = 0.5. ಹರಿವು ಸಮವಿದ್ದರೂ ಇವು ಸಮವಲ್ಲ ಎಂಬುದನ್ನು ಗಮನಿಸಿ. ಬರೀ ಹರಿವು ನೋಡಿ ಚಿಕ್ಕದನ್ನು ಆರಿಸುವವರು ಎಡವುವುದು ಇಲ್ಲೇ.

ಮುಂದೆ ಕೂಲರ್‌ನ ಸಾಮರ್ಥ್ಯ. ವಿಸ್ತೀರ್ಣ 21 ಚದರ ಮೀಟರ್, ಒಟ್ಟಾರೆ ಶಾಖ ವರ್ಗಾವಣೆ ಗುಣಾಂಕ ಚದರ ಮೀಟರ್‌ಗೆ, ಪ್ರತಿ ಡಿಗ್ರಿಗೆ 300 ವ್ಯಾಟ್, ಗುಣಿಸಿದರೆ 6.3 ಕಿಲೋವ್ಯಾಟ್ ಪ್ರತಿ ಡಿಗ್ರಿಗೆ. ಇದನ್ನು 4.2ರಿಂದ ಭಾಗಿಸಿದರೆ ಸಿಗುವ 1.5 ಎನ್‌ಟಿಯು. ಒಂದು ಶೆಲ್ ಪಾಸ್, ಎರಡು ಟ್ಯೂಬ್ ಪಾಸ್ ಇರುವ ಕೂಲರ್‌ಗೆ ಪರಿಣಾಮಕಾರಿತ್ವ e, ಅಂದರೆ ಗರಿಷ್ಠ ಶಾಖದಲ್ಲಿ ನಿಜಕ್ಕೂ ವರ್ಗವಾಗುವ ಭಾಗ, ಸಿಗುವ ಸೂತ್ರ ಹೀಗಿದೆ:

```
S = sqrt(1 + Cr^2)
x = exp(-NTU*S)
e = 2 / (1 + Cr + S*(1+x)/(1-x))
```

ನಮ್ಮ ಅಂಕಿಗಳಿಗೆ e = 0.64. ಅಭಿಮುಖ ಹರಿವಿನ ಸೂತ್ರ ಹಾಕಿದ್ದರೆ 0.69 ಬಂದು ಎಣ್ಣೆ ಇನ್ನೆರಡು ಡಿಗ್ರಿ ತಣ್ಣಗಾದಂತೆ ಕಾಣುತ್ತಿತ್ತು. ಕಾಗದದ ಮೇಲೆ ಮಾತ್ರ.

ಉಳಿದದ್ದು ಸುಲಭ. ಗರಿಷ್ಠ ಶಾಖ 4.2 × 40 = 168 ಕಿಲೋವ್ಯಾಟ್; ಅದರ 0.64 ಭಾಗ ಸುಮಾರು 107. ಎಣ್ಣೆ 107/4.2, ಅಂದರೆ 25.5 ಡಿಗ್ರಿ ಇಳಿದು 44.5ಕ್ಕೆ ಬರುತ್ತದೆ, ನೀರು 12.8 ಏರಿ 42.8ಕ್ಕೆ. ಎಣ್ಣೆಯ ವಿಶಿಷ್ಟೋಷ್ಣವನ್ನು 70ರದ್ದೇ ಹಾಕಿದ್ದರೆ, ಈಗ ಸಿಕ್ಕ ಸರಾಸರಿ 57 ಡಿಗ್ರಿಯದ್ದು ಹಾಕಿ ಇನ್ನೊಮ್ಮೆ ಲೆಕ್ಕ ಮಾಡಿ.

ಎಣ್ಣೆ 38 ಡಿಗ್ರಿಗೆ ಬೇಕೆಂದು ಟ್ಯೂಬ್ ಉದ್ದ ಮಾಡಿಸಲು ಹೊರಟರೆ ದುಡ್ಡು ದಂಡ. ಸೂತ್ರದಲ್ಲಿ ಎನ್‌ಟಿಯುವನ್ನು ಅನಂತಕ್ಕೆ ಒಯ್ದರೂ e 0.76ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಎಣ್ಣೆ 39.4ಕ್ಕಿಂತ ಕೆಳಗಿಳಿಯದು. ಎರಡು ಪಾಸ್‌ಗಳಲ್ಲಿ ಒಂದರ ನೀರು ಎಣ್ಣೆ ಸಾಗುವ ದಿಕ್ಕಿನಲ್ಲೇ ಹರಿಯುವುದು ಇದಕ್ಕೆ ಕಾರಣ. ಆಗ ಬೇಕಾದದ್ದು ಸರಣಿಯಲ್ಲಿ ಇನ್ನೊಂದು ಶೆಲ್, ಇಲ್ಲವೇ ಹೆಚ್ಚು ನೀರು.

ಚಾಲನೆಯಲ್ಲಿ ಎಣ್ಣೆ 50ಕ್ಕೆ ಹೊರಬರುತ್ತಿದ್ದರೆ? ನೀರಿನ ಹೊರತಾಪ ನೋಡಿ. ಅದು 40ಕ್ಕೆ ಇಳಿದಿದ್ದರೆ ಹರಿವು ಸರಿಯಿದೆ, ಟ್ಯೂಬ್‌ಗಳಲ್ಲಿ ಹೊಲಸು ಕಟ್ಟಿದೆ. ಸೂತ್ರವನ್ನು ಹಿಂದುಮುಂದಾಗಿ ಬಿಡಿಸಿದರೆ ಗುಣಾಂಕ 300ರಿಂದ 172ಕ್ಕೆ ಕುಸಿದಿರುವುದು ಸಿಗುತ್ತದೆ. 42.8ಕ್ಕಿಂತ ಮೇಲೇರಿದ್ದರೆ ಮೊದಲು ನೀರಿನ ಪಂಪ್ ಮತ್ತು ವಾಲ್ವ್ ನೋಡಿ.