ಕೆರೆಯ ಕವಿತೆಗೆ ಪದ ಆರಿಸಿದ ಬಗೆ

ಕವಿತೆಯೊಂದರ ಮೊದಲ ಕರಡು ಮುಗಿದ ಮೇಲೆ ನಾನು ಅದರಲ್ಲಿರುವ ಒಂದೊಂದು ನಾಮಪದದ ಮೇಲೂ ಪೆನ್ಸಿಲಿನಿಂದ ಸಣ್ಣ ಗುರುತು ಹಾಕುತ್ತೇನೆ. ಆ ಪದ ಇಂದು ಯಾರ ಬಾಯಲ್ಲಿ ಬದುಕಿದೆ ಎಂಬುದನ್ನು ಆ ಗುರುತು ಹೇಳುತ್ತದೆ: ಮನೆಯಲ್ಲಿ ಆಡುವ ಮಾತಾದರೆ ‘ಮ’, ಕಚೇರಿಯ ಕಾಗದದ ಮಾತಾದರೆ ‘ಕ’, ಪೂಜೆ ವ್ರತಗಳ ಮಾತಾದರೆ ‘ಪೂ’, ಪುಸ್ತಕದಲ್ಲಿ ಮಾತ್ರ ಕಾಣುವ ಮಾತಾದರೆ ‘ಪು’. ತತ್ಸಮವೋ ತದ್ಭವವೋ ದೇಶ್ಯವೋ ಎಂಬ ವ್ಯಾಕರಣದ ವಿಂಗಡಣೆಯನ್ನು ಇದಾದ ಮೇಲೆ ನೋಡುತ್ತೇನೆ. ಪದದ ಹುಟ್ಟು ಮತ್ತು ಅದರ ಇಂದಿನ ದನಿ ಎರಡೂ ಒಂದೇ ಕಡೆಗೆ ಬೆರಳು ತೋರಿಸುತ್ತವೆ ಎಂದು ಕವಿತೆ ಬರೆಯುವವರು ನಂಬಿಕೊಂಡರೆ ಸಾಲುಗಳ ದನಿ ಕೈತಪ್ಪುತ್ತದೆ. ನಾನು ಗಮನಿಸಿದ ಮಟ್ಟಿಗೆ ಅವು ಹಲವು ಸಲ ಎದುರುಬದುರಾಗಿ ನಿಲ್ಲುತ್ತವೆ.

ಸೂರ್ಯ, ಆಕಾಶ, ಚಂದ್ರ ಈ ಮೂರೂ ಸಂಸ್ಕೃತದ ಪದಗಳು, ಆದರೆ ಇಂದು ಮಕ್ಕಳು ಕೂಡ ಆಡುವ ಮನೆಮಾತುಗಳು. ಇವುಗಳಿಗೆ ಸಾಟಿಯಾದ ಕನ್ನಡದವೇ ಆದ ನೇಸರು, ಬಾನು, ಚಂದ್ರನೆಂಬ ಅರ್ಥದ ತಿಂಗಳು ನಮ್ಮ ಕಿವಿಗೆ ಕಾವ್ಯದ ಪದಗಳಾಗಿ ಕೇಳಿಸುತ್ತವೆ. ಹೀಗಾಗಿ ‘ಸೂರ್ಯ ಮುಳುಗಿದ’ ಎಂಬುದು ಸರಳ ಸುದ್ದಿಯಾದರೆ ‘ನೇಸರು ಮುಳುಗಿತು’ ಎಂಬಲ್ಲಿ ಕವಿ ಎದ್ದು ನಿಂತು ಹಾಡುತ್ತಿರುವುದು ಗೊತ್ತಾಗುತ್ತದೆ. ಅಚ್ಚಗನ್ನಡ ಎಂದರೆ ನೆಲದ ಮಾತು, ಸಂಸ್ಕೃತ ಎಂದರೆ ಪೀಠದ ಮಾತು ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಆಕಾಶದ ತದ್ಭವವಾದ ಆಗಸ ಇವೆರಡರ ನಡುವೆ ನಿಲ್ಲುತ್ತದೆ. ಅದರಲ್ಲಿ ಹಾಡಿನ ಗುಣವಿದ್ದರೂ ಬಾನು ಎಂಬಷ್ಟು ಎತ್ತರವಿಲ್ಲ.

ನಮ್ಮ ಬಯಲುಸೀಮೆಯ ಕೆರೆಯೊಂದು ಬತ್ತಿದ್ದನ್ನು ಕುರಿತು ನಾನು ಬರೆದ ಕವಿತೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಭಾಮಿನಿಯ ನಡಿಗೆಯಂತೆ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದಾದ ಮೇಲೊಂದು ಬರುವ ಲಯ ಅದರದು. ಮೊದಲ ಕರಡಿನ ಆರಂಭ ಹೀಗಿತ್ತು:

ಶುಷ್ಕ ಸರಸಿಯ ವಕ್ಷದಾಳದಿ
ಮೂಕ ವೇದನೆ ಮೂಡಿ ನಿಂತಿದೆ

ಮಾತ್ರೆಯ ಲೆಕ್ಕದಲ್ಲಿ ಇದರಲ್ಲಿ ಯಾವ ಕೊರತೆಯೂ ಇಲ್ಲ. ಶುಷ್ಕ ಮೂರು, ಸರಸಿಯ ನಾಲ್ಕು, ವಕ್ಷ ಮೂರು, ದಾಳದಿ ನಾಲ್ಕು. ಷ್ಕ, ಕ್ಷ ಎಂಬ ಒತ್ತಕ್ಷರಗಳು ತಮ್ಮ ಹಿಂದಿನ ಅಕ್ಷರವನ್ನು ಗುರುವಾಗಿಸಿ ಸಾಲಿಗೆ ಒಂದು ಗಾಂಭೀರ್ಯವನ್ನೂ ಕೊಡುತ್ತವೆ. ಆದರೆ ಗುರುತು ಹಾಕಲು ಕುಳಿತಾಗ ಶುಷ್ಕ, ಸರಸಿ, ವಕ್ಷ ಮೂರಕ್ಕೂ ‘ಪು’ ಬಿತ್ತು. ‘ದಲ್ಲಿ’ ಎನ್ನುವ ಕಡೆ ‘ದಿ’ ಎಂದಿರುವುದು ಕೂಡ ಕಳೆದ ಶತಮಾನದ ಮೊದಲರ್ಧದ ಭಾವಗೀತೆಗಳ ದನಿ. ಈ ಸಾಲನ್ನು ಹೇಳುತ್ತಿರುವವನು ಕೆರೆಯ ಏರಿಯ ಮೇಲೆ ನಿಂತಿಲ್ಲ ಎಂಬುದು ಓದುಗನಿಗೆ ಮೊದಲ ಪದದಲ್ಲಿಯೇ ತಿಳಿದುಬಿಡುತ್ತದೆ.

ಎರಡನೆಯ ಸಾಲಿನ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ವೇದನೆ, ಯಾತನೆ, ವಿಷಾದ, ಹತಾಶೆ, ಶೂನ್ಯತೆ ಮೊದಲಾದ ಭಾವನಾಮಗಳು ಸಂಸ್ಕೃತದಿಂದ ನಮಗೆ ಹೇರಳವಾಗಿ ಬಂದಿವೆ. ಕಂಡದ್ದನ್ನು ತೋರಿಸುವ ಮೊದಲೇ ಅದಕ್ಕೊಂದು ಹೆಸರನ್ನು ಕೈಗಿಡುವ ಗುಣ ಇವುಗಳಲ್ಲಿದೆ. ‘ಮೂಕ ವೇದನೆ’ ಎಂದು ಬರೆದ ಕ್ಷಣವೇ ನಾನು ಕೆರೆಯನ್ನು ನೋಡುವುದನ್ನು ನಿಲ್ಲಿಸಿರುತ್ತೇನೆ. ಕನ್ನಡದಲ್ಲಿಯೂ ನೋವು, ಅಳಲು, ದಣಿವು ಇವೆ. ಆದರೆ ಇವು ಮೈಗೆ ಅಂಟಿಕೊಂಡ ಮಾತುಗಳಾದ್ದರಿಂದ ಯಾರ ನೋವು, ಎಲ್ಲಿ ನೋವು ಎಂಬ ಪ್ರಶ್ನೆಯನ್ನು ತಕ್ಷಣ ಎಬ್ಬಿಸುತ್ತವೆ. ವೇದನೆ ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಪದಕ್ಕೆ ಪದ ಬದಲಿಸುವುದನ್ನು ಬಿಟ್ಟು, ನೀರಿಲ್ಲದ ಕೆರೆಯಲ್ಲಿ ನಿಜವಾಗಿ ಏನು ಕಾಣುತ್ತದೆ ಎಂಬಲ್ಲಿಂದ ಮತ್ತೆ ಬರೆದೆ:

ಕೆರೆಯ ಅಂಗಳ ಒಣಗಿ ಬಿರಿದಿದೆ
ಎಮ್ಮೆ ಗೊರಸಿನ ಗುರುತು ಉಳಿದಿದೆ

ಕೆಸರಿದ್ದಾಗ ಇಳಿದ ಎಮ್ಮೆಯ ಗೊರಸು ಮಣ್ಣು ಗಟ್ಟಿಯಾದ ಮೇಲೆ ಹಾಗೆಯೇ ಅಚ್ಚಾಗಿ ಉಳಿಯುತ್ತದೆ. ಇಲ್ಲಿ ನೀರಿತ್ತು ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಕೆರೆಯ ಒಳಮೈಯನ್ನು ನಮ್ಮ ಕಡೆ ಕೆರೆಯಂಗಳ ಎಂದೇ ಕರೆಯುತ್ತಾರೆ. ಅಂಗಳ ಎಂಬುದು ಅಂಗಣದ ತದ್ಭವ. ಹುಟ್ಟಿನಲ್ಲಿ ಸಂಸ್ಕೃತದ್ದಾದರೂ ಅದರ ಮೇಲೆ ಬೀಳುವ ಗುರುತು ‘ಮ’ ಮಾತ್ರ. ಈ ಬಗೆಯ ತದ್ಭವಗಳು ಕವಿತೆಗೆ ತುಂಬ ಉಪಯುಕ್ತ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಸಂಜೆ, ಮೊಗ, ಜಾತ್ರೆಗಳ ಹಾಗೆ ಇವು ಎರಡೂ ಕಡೆಯ ನೆಂಟಸ್ತನ ಉಳಿಸಿಕೊಂಡು ಯಾವ ಪದದ ಪಕ್ಕದಲ್ಲಿಯೂ ಮುಜುಗರವಿಲ್ಲದೆ ಕೂರುತ್ತವೆ.

ಮುಂದಿನ ಎರಡು ಸಾಲುಗಳಲ್ಲಿ ಎರಡು ಕಡೆ ಆಯ್ಕೆಯ ಪ್ರಶ್ನೆ ಬಂತು:

ಮುಗಿಲ ನೋಡುತ ಕುಳಿತ ಮುದುಕನ
ಕಣ್ಣಿನೊಳಗೂ ನೀರು ಇಂಗಿದೆ

ಮೊದಲ ಗಣದಲ್ಲಿ ಮೂರು ಮಾತ್ರೆ ಬೇಕು. ಐದು ಮಾತ್ರೆಯ ಆಕಾಶ, ನಾಲ್ಕು ಮಾತ್ರೆಯ ಆಗಸ ಅಲ್ಲಿ ಹಿಡಿಸುವುದಿಲ್ಲ. ‘ಬಾನ ನೋಡುತ’ ಎಂದರೆ ಲಯ ಕೂಡುತ್ತದೆ, ಆದರೆ ಮಳೆಗಾಗಿ ಕಾದು ಕುಳಿತ ಮುದುಕ ಬಾನನ್ನು ನೋಡುವುದಿಲ್ಲ, ಅದನ್ನು ಕವಿಗಳು ನೋಡುತ್ತಾರೆ. ಮುಗಿಲು ಉತ್ತರ ಕರ್ನಾಟಕದವರಿಗೆ ಆಕಾಶ, ದಕ್ಷಿಣದವರಿಗೆ ಮೋಡ. ಮಳೆ ಹುಡುಕುವ ಕಣ್ಣಿಗೆ ಎರಡೂ ಅರ್ಥ ಸಲ್ಲುವುದರಿಂದ ಆ ಪದವೇ ನಿಂತಿತು.

ಎರಡನೆಯ ಸಾಲಿನಲ್ಲಿ ನೀರು ಇರುವ ಜಾಗಕ್ಕೆ ಸಲಿಲ, ಉದಕ ಎರಡೂ ಮಾತ್ರೆಯಲ್ಲಿ ಸರಿಹೊಂದುತ್ತವೆ. ‘ಸಲಿಲ ಇಂಗಿದೆ’ ಎಂದು ಗಟ್ಟಿಯಾಗಿ ಓದಿದರೆ ಇಂಗುವ ಕ್ರಿಯೆಯೇ ನಂಬಿಕೆ ಕಳೆದುಕೊಳ್ಳುತ್ತದೆ, ಏಕೆಂದರೆ ಇಂಗುವುದು, ಒಸರುವುದು, ಜಿನುಗುವುದು ಕನ್ನಡದ ನೆಲಕ್ಕೆ ಹತ್ತಿದ ಕ್ರಿಯಾಪದಗಳು, ಅವುಗಳಿಗೆ ಕರ್ತೃವಾಗಿ ನೀರೇ ಬೇಕು. ಉದಕದ ವಿಷಯ ಬೇರೆ. ಹನ್ನೆರಡನೆಯ ಶತಮಾನದ ವಚನಗಳಲ್ಲಿ ಅದು ಸಹಜವಾದ ಮಾತಾಗಿ ಬರುತ್ತದೆ. ಇಂದು ಅದೇ ಪದ ತರ್ಪಣದ ನೆನಪನ್ನು ತರುತ್ತದೆ; ಬದುಕಿರುವ ಮುದುಕನ ಕಣ್ಣಿಗೆ ಅದನ್ನು ತಂದರೆ ನಾನು ಹೇಳಬಯಸದ ಸಾವೊಂದು ಸಾಲಿನೊಳಗೆ ಬಂದು ಕೂರುತ್ತದೆ. ನೀರು ಎಂಬುದು ಕನ್ನಡದ್ದೇ ಎಂದು ನಾವು ಹೇಳಿದರೂ ಸಂಸ್ಕೃತದಲ್ಲಿಯೂ ‘ನೀರ’ ಇದೆಯೆಂಬುದನ್ನು ನೆನೆದರೆ, ಹುಟ್ಟಿನ ಜಗಳಕ್ಕಿಂತ ಬಳಕೆಯ ಕಿವಿ ಎಷ್ಟು ಮುಖ್ಯವೆಂಬುದು ಗೊತ್ತಾಗುತ್ತದೆ.

ಸಮಾಸದಲ್ಲಿ ಮಾತ್ರ ಹುಟ್ಟು ತನ್ನ ಹಕ್ಕನ್ನು ಬಿಟ್ಟುಕೊಡುವುದಿಲ್ಲ. ಮಳೆನೀರು ಎಂಬುದು ಎಷ್ಟು ಸಲೀಸಾಗಿ ನಾಲಗೆಯ ಮೇಲೆ ಹೊರಳುತ್ತದೆಯೋ ಮಳೆಜಲ ಎಂಬುದು ಅಷ್ಟೇ ತೊಡಕುತ್ತದೆ. ವರ್ಷಜಲ ಎಂದರೆ ತೊಡಕು ಹೋಗುತ್ತದೆ, ಆದರೆ ಮಳೆಯೂ ಹೋಗುತ್ತದೆ. ಕನ್ನಡ ಸಂಸ್ಕೃತ ಪದಗಳನ್ನು ಹೀಗೆ ಬೆಸೆಯುವುದನ್ನು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ದೋಷವೆಂದಿದೆ, ಅದಕ್ಕೆ ಅರಿಸಮಾಸವೆಂದು ಹೆಸರು. ಹನ್ನೆರಡನೆಯ ಶತಮಾನದ ನಯಸೇನ ಇನ್ನೂ ಮುಂದೆ ಹೋಗಿ, ಶುದ್ಧ ಕನ್ನಡದೊಳಗೆ ಸಂಸ್ಕೃತವನ್ನು ತಂದಿಡುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದ. ಆ ಪದ್ಯದಲ್ಲಿ ಅವನು ತುಪ್ಪಕ್ಕೆ ಘೃತವೆಂದೂ ಎಣ್ಣೆಗೆ ತೈಲವೆಂದೂ ಸಂಸ್ಕೃತದ ಪದಗಳನ್ನೇ ಬಳಸಿದ್ದಾನೆ. ಬೆರಕೆಯಾಗುತ್ತಿರುವುದು ಯಾವುದು ಎಂಬುದನ್ನು ಪದ್ಯ ತನ್ನ ಮೈಯಲ್ಲಿಯೇ ತೋರಿಸುವ ಆ ಜಾಣತನವನ್ನು ನಾನು ಬಹಳ ಮೆಚ್ಚುತ್ತೇನೆ. ಇಡೀ ಕವಿತೆಗೆ ಅವನ ಮಾತನ್ನು ನಿಯಮವಾಗಿ ಒಪ್ಪುವುದು ನನ್ನಿಂದಾಗದು, ಆದರೆ ಎರಡು ಪದಗಳನ್ನು ಒಂದಾಗಿ ಬೆಸೆಯುವಾಗ ಅದನ್ನು ಎಚ್ಚರಿಕೆಯಾಗಿ ಇಟ್ಟುಕೊಂಡಿದ್ದೇನೆ.

ಹದಿಮೂರನೆಯ ಶತಮಾನದ ಆಂಡಯ್ಯ ತತ್ಸಮಗಳನ್ನು ಬಿಟ್ಟು, ದೇಶ್ಯ ತದ್ಭವಗಳಿಂದಲೇ ಒಂದು ಕಾವ್ಯವನ್ನು ಬರೆದ. ಅದೇ ಕಟ್ಟಳೆಯನ್ನು ಹಾಕಿಕೊಂಡು ಕೆರೆಯ ಕವಿತೆಯನ್ನು ನಾನೂ ಒಮ್ಮೆ ಪೂರ್ತಿಯಾಗಿ ಬರೆದು ನೋಡಿದೆ. ಸಮಯದ ಜಾಗಕ್ಕೆ ಹೊತ್ತು, ಭೂಮಿಯ ಜಾಗಕ್ಕೆ ನೆಲ ಬಂದಾಗ ಸಾಲು ಹಗುರವಾಯಿತು. ಸೂರ್ಯನ ಜಾಗಕ್ಕೆ ನೇಸರು ಬಂದಾಗ ಮುದುಕನ ಪಕ್ಕದಲ್ಲಿ ಪಂಡಿತರೊಬ್ಬರು ಬಂದು ಕುಳಿತಂತಾಯಿತು. ಯಾವ ತತ್ಸಮಗಳು ನಮ್ಮ ಮನೆಮಾತಾಗಿಬಿಟ್ಟಿವೆ, ಯಾವುವು ಇನ್ನೂ ಹೊರಗೇ ನಿಂತಿವೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಸಿಕ್ಕಿಲ್ಲ. ಬರೆಯಲು ಹೊರಟ ಕಿರಿಯರಿಗೆ ಇದನ್ನು ಹೇಳುತ್ತಿರುತ್ತೇನೆ. ಅಲ್ಲಿಂದ ಬಂದ ಕರಡನ್ನು ಹಾಗೆಯೇ ಅಚ್ಚಿಗೆ ಕೊಡಬಾರದು, ಅಷ್ಟೇ.

ಮಳೆ ಬಂದ ಭಾಗದಲ್ಲಿ ನಾನು ಬೇಕೆಂದೇ ಒಂದು ತತ್ಸಮವನ್ನು ಇಟ್ಟೆ:

ಮೊದಲ ಮಳೆಯನು ಮುದುಕ ಕೈಯಲಿ
ತೀರ್ಥದಂತೆಯೆ ಹಿಡಿದು ಕುಡಿದನು

ಸುತ್ತಲಿನ ಮೊದಲ, ಮಳೆ, ಮುದುಕ, ಕೈ, ಹಿಡಿದು, ಕುಡಿದನು ಇವೆಲ್ಲ ಒತ್ತಕ್ಷರವಿಲ್ಲದ, ಮಹಾಪ್ರಾಣವಿಲ್ಲದ ಪದಗಳು. ಅವುಗಳ ನಡುವೆ ತೀರ್ಥ ಎಂಬಲ್ಲಿ ಮಾತ್ರ ನಾಲಗೆ ಒಂದು ಕ್ಷಣ ನಿಲ್ಲಬೇಕಾಗುತ್ತದೆ, ಆ ನಿಲುಗಡೆಯೇ ಭಕ್ತಿ. ಇದು ನಾನು ಹೊರಗಿನಿಂದ ಹೊದಿಸಿದ ಗೌರವವಲ್ಲ; ಆ ಮುದುಕನೇ ದಿನಾ ಆಡುವ ಮಾತು ಅದು, ಅವನು ‘ತೀರ್ತ’ ಎಂದಾನು. ಮೊದಲ ಕರಡಿನಲ್ಲಿದ್ದಂತೆ ಸುತ್ತಲೂ ಶುಷ್ಕ ವಕ್ಷಗಳು ತುಂಬಿದ್ದಿದ್ದರೆ ತೀರ್ಥಕ್ಕೆ ಈ ಬೆಲೆ ಸಿಗುತ್ತಿರಲಿಲ್ಲ. ಸಂಸ್ಕೃತದ ಪದಕ್ಕೆ ಕನ್ನಡದ ಸಾಲಿನಲ್ಲಿರುವ ಬಲದ ದೊಡ್ಡ ಪಾಲು ಅದು ಎಷ್ಟು ವಿರಳವಾಗಿ ಬಂದಿದೆ ಎಂಬುದರಿಂದ ಬರುತ್ತದೆ.

ಸಂಸ್ಕೃತದ ಇನ್ನೊಂದು ದನಿಯೂ ಈ ಕವಿತೆಗೆ ಬೇಕಿತ್ತು. ಇಂದು ತತ್ಸಮಗಳನ್ನು ನಾವು ಹೆಚ್ಚಾಗಿ ಕೇಳುವುದು ಮಂತ್ರದಲ್ಲಲ್ಲ, ಸುತ್ತೋಲೆಯಲ್ಲಿ ಮತ್ತು ಭಾಷಣದಲ್ಲಿ. ಜಲಮೂಲ, ಸಂರಕ್ಷಣೆ, ಅನುಷ್ಠಾನ, ಫಲಾನುಭವಿ ಇವುಗಳಲ್ಲಿ ದೇವರ ಎತ್ತರವಿಲ್ಲ, ಮೇಜಿನ ಆಚೆಯ ದೂರವಿದೆ. ಕಚೇರಿಯ ಭಾಷೆಯಲ್ಲಿಯೂ ‘ಮಳೆನೀರು ಕೊಯ್ಲು’ ಎಂಬಂಥ ಒಳ್ಳೆಯ ಮಾತು ನೆಲೆಗೊಂಡಿದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಕವಿತೆಯ ನಡುವೆ, ಕೆರೆಯ ಏರಿಯ ಮೇಲೆ ನೆಟ್ಟ ಫಲಕದ ಮಾತನ್ನು ಹಾಗೆಯೇ ಒಂದು ಸಾಲಾಗಿ ಇಟ್ಟಿದ್ದೇನೆ: ‘ಅತಿಕ್ರಮ ಪ್ರವೇಶ ನಿಷೇಧಿಸಲಾಗಿದೆ’. ಮೂರು ನಾಲ್ಕರ ನಡಿಗೆಗೆ ಅದು ಒಗ್ಗುವುದಿಲ್ಲ, ಒಗ್ಗಿಸಲೂ ಹೋಗಲಿಲ್ಲ. ಲಯ ಮುರಿದು ಬಿದ್ದಾಗ ಕೇಳುವವರು ತಲೆ ಎತ್ತುತ್ತಾರೆ. ನಿಷೇಧಿಸಿದವರು ಯಾರೆಂದು ಹೇಳದ ಆ ಕರ್ಮಣಿ ಪ್ರಯೋಗ ಆಗ ತಾನೇ ತಾನಾಗಿ ಕೇಳಿಸುತ್ತದೆ. ಓದುವಾಗ ಆ ಸಾಲಿಗೆ ನಾನು ದನಿಯನ್ನು ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಫಲಕವನ್ನು ಓದಿದ ಹಾಗೆ ಓದಿ, ಮುಂದಿನ ಸಾಲಿನ ಎಮ್ಮೆಗಳಿಗೆ ಬರುತ್ತೇನೆ.