ನಿಲ್ದಾಣದಿಂದ ನಿಲ್ದಾಣಕ್ಕೆ ಕೂಡಿ ತೆಗೆದ ದೂರ

ತುಮಕೂರಿನಿಂದ ಕೊರಟಗೆರೆಯ ಮೇಲೆ ಮಧುಗಿರಿಗೆ ಹೋಗುವ ಎರಡು ಖಾಸಗಿ ಬಸ್ಸುಗಳ ಲೆಕ್ಕ ನೋಡಿಕೊಳ್ಳುವ ನನಗೆ, ಒಂದು ಟ್ರಿಪ್ಪಿನ ಉದ್ದ ಇಷ್ಟೇ ಎಂದು ಸಾಧಿಸಿ ತೋರಿಸಲು ಸುಮಾರು ಎರಡು ತಿಂಗಳು ಹಿಡಿಯಿತು. ನಮ್ಮ ಪುಸ್ತಕದಲ್ಲಿ ಅದು 46 ಕಿ.ಮೀ. ಎಂದಿತ್ತು. ಯಾರೋ ಹಿಂದೆ ಬೈಕಿನಲ್ಲಿ ಹೋಗಿ, ಪ್ರತಿ ನಿಲ್ದಾಣದಲ್ಲೂ ಟ್ರಿಪ್ ಮೀಟರನ್ನು ಸೊನ್ನೆಗೆ ತಂದು, ಪ್ರತಿ ಅಂತರವನ್ನೂ ಮೇಲಿನ ಪೂರ್ಣಾಂಕಕ್ಕೆ ಏರಿಸಿ ಬರೆದುಕೊಂಡು ಬಂದಿದ್ದರು.

ನಾನು ಮೊದಲು 22 ನಿಲ್ದಾಣಗಳನ್ನು ಫೋನಿನಲ್ಲಿ ಗುರುತಿಸಿ, ನಡುವಿನ 21 ಅಂತರಗಳನ್ನು ನೇರ ಗೆರೆಯಲ್ಲಿ ಅಳೆದು ಕೂಡಿದೆ. ಬಂದದ್ದು 39. ಮಾಲೀಕರು, "ಬಸ್ಸೇನು ಹಾರಿಕೊಂಡು ಹೋಗುತ್ತದೆಯೇನಯ್ಯ?" ಎಂದು ನಕ್ಕರು. ಅವರ ಮಾತಿನಲ್ಲಿ ನ್ಯಾಯವಿತ್ತು. ಒಂದು ಕೆರೆ ಏರಿಯನ್ನು ಸುತ್ತಿ ಬರುವ ಕಡೆ ನೇರ ಗೆರೆ 1.4 ಇದ್ದರೆ ರಸ್ತೆ 2.3 ಇತ್ತು. ಆಮೇಲೆ ತಿರುವುಗಳಲ್ಲಿ ನಿಲ್ದಾಣವಲ್ಲದ ನಡುಬಿಂದುಗಳನ್ನು ಸೇರಿಸಿದೆ. 

ಈಗ ಮೊತ್ತ 44.5ಕ್ಕೆ ಹಾರಿತು. ಎರಡು ಭಾನುವಾರ ಹುಡುಕಿದ ಮೇಲೆ ತಪ್ಪು ಸಿಕ್ಕಿತು. ಒಂದು ಊರಿನ ಗೇಟಿನಲ್ಲಿ ಬಸ್ಸು ನಿಲ್ಲುತ್ತದೆ, ಆದರೆ ನನ್ನ ಗುರುತು ಊರೊಳಗಿನ ಅರಳಿಕಟ್ಟೆಯ ಬಳಿ ಇತ್ತು. ಹೋಗಿಬರುವ ಎರಡು ಕಿ.ಮೀ. ಸುಮ್ಮನೆ ಸೇರಿಬಿಟ್ಟಿತ್ತು. ಅಂದಿನಿಂದ ಪ್ರತಿ ಮೂರು ನಿಲ್ದಾಣಗಳಿಗೂ ಒಂದು ಪರೀಕ್ಷೆ ಮಾಡುತ್ತೇನೆ: ನಡುವಿನದನ್ನು ಬಿಟ್ಟು ಅಳೆದ ರಸ್ತೆಯ ದೂರಕ್ಕಿಂತ ಎರಡು ಅಂತರಗಳ ಮೊತ್ತ ಎದ್ದು ಕಾಣುವಷ್ಟು ಹೆಚ್ಚಿದ್ದರೆ, ನಡುವಿನ ಗುರುತು ತಪ್ಪಿದೆ ಎಂದೇ ಅರ್ಥ. ತಿದ್ದಿದ ಮೇಲೆ 42.6 ಬಂತು. ಬಸ್ಸಿನ ಮೀಟರು 43.5 ತೋರಿಸಿತು, ಟೈರು ಸವೆದಿದ್ದರಿಂದ ಅದು ಸ್ವಲ್ಪ ಹೆಚ್ಚೇ ಹೇಳುತ್ತಿದ್ದಿರಬೇಕು. ಹೊಸ ಟೈರು ಹಾಕಿಸಿದ ವಾರ ಮತ್ತೆ ನೋಡಿದಾಗ 42.8 ಇತ್ತು.

ವೇಗದಲ್ಲಿ ಇನ್ನೊಂದು ಎಡವಟ್ಟು ಕಾದಿತ್ತು. ಪ್ರತಿ ಅಂತರದ ವೇಗ ತೆಗೆದು ಅವುಗಳ ಸರಾಸರಿ ಹಾಕಿದ್ದೆ. ಪೇಟೆಯೊಳಗಿನ 3 ಕಿ.ಮೀ.ಗೆ 15 ನಿಮಿಷವಾದರೆ ಗಂಟೆಗೆ 12. ಬಯಲಿನ 6 ಕಿ.ಮೀ.ಗೆ 9 ನಿಮಿಷವಾದರೆ 40. ಇವೆರಡರ ಸರಾಸರಿ 26 ಆಗುತ್ತದೆ, ಆದರೆ 9 ಕಿ.ಮೀ.ಗೆ ಹಿಡಿದದ್ದು 24 ನಿಮಿಷ, ಅಂದರೆ ನಿಜವಾದ ವೇಗ 22.5. ಆದ್ದರಿಂದ ಒಟ್ಟು ದೂರವನ್ನು ಒಟ್ಟು ಸಮಯದಿಂದಲೇ ಭಾಗಿಸಬೇಕು. ನಮ್ಮ ಟ್ರಿಪ್ಪಿಗೆ 84 ನಿಮಿಷ ಹಿಡಿಯುವುದರಿಂದ ಗಂಟೆಗೆ ಸುಮಾರು 30 ಬರುತ್ತದೆ. ನಿಂತ 20 ನಿಮಿಷ ಕಳೆದರೆ 40.

ದಿನಕ್ಕೆ ಎಂಟು ಟ್ರಿಪ್ಪಿನಲ್ಲಿ ಪುಸ್ತಕದ ಲೆಕ್ಕ ನಿಜವಾದ ಓಟಕ್ಕಿಂತ 27 ಕಿ.ಮೀ. ಹೆಚ್ಚಿಗೆ ಓಡುತ್ತಿತ್ತು. ಲೀಟರಿಗೆ ನಾಲ್ಕೂವರೆ ಎಂದು ಹಿಡಿದರೂ ಅದು ಆರು ಲೀಟರ್ ಡೀಸೆಲ್, ಸುಮಾರು ಐನೂರು ರೂಪಾಯಿ. ಈ ಲೆಕ್ಕ ಮುಂದಿಟ್ಟಾಗ ಮಾಲೀಕರು ನಗಲಿಲ್ಲ. ಹಳೆಯ ಪುಸ್ತಕ ತರಿಸಿ, 46ನ್ನು ತಾವೇ ಹೊಡೆದು ಹಾಕಿದರು.