ಅಪ್ಪ ಬಂದನೋ, ಬಂದರೋ: 29 ಅಧ್ಯಾಯ, ಒಂದೇ ದನಿ

ಹದಿನೈದನೇ ಅಧ್ಯಾಯ ಓದಿ ಹೇಳುತ್ತಿದ್ದಾಗ ನಮ್ಮ ಅತ್ತೆ ನಡುವೆ ತಡೆದರು. "ಯವ್ವಾ, ಮೊನ್ನೆ ಓದಿದ್ದೂ ಈಕೀದ ಹೌದಿಲ್ಲೋ? ಇವತ್ತ ಬ್ಯಾರೆ ಯಾರೋ ಮಾತಾಡಾಕತ್ತಾಂಗ ಐತಿ. ಮಾಸ್ತರ ಗತೆ."

ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ ಇದು ರೂಢಿ. ರಾತ್ರಿ ಊಟ ಆದಮೇಲೆ ನಾನು ಆ ದಿನ ಅನುವಾದ ಮಾಡಿದ್ದನ್ನು ಓದುತ್ತೇನೆ, ಅತ್ತೆ ಶೇಂಗಾ ಸುಲಿಯುತ್ತ ಕೇಳುತ್ತಾರೆ. ಪುಸ್ತಕ ಒಬ್ಬ ನಿವೃತ್ತ ನರ್ಸ್ ಬರೆದ ಆತ್ಮಕಥೆ. ಇಂಗ್ಲೆಂಡಿನ ಈಶಾನ್ಯ ಮೂಲೆಯ ಡರ್ಹಮ್ ಕಡೆಯ ಕಲ್ಲಿದ್ದಲು ಹಳ್ಳಿಯ ಹುಡುಗಿ, ಅಪ್ಪ ಗಣಿಯಲ್ಲಿ ಕೆಲಸ ಮಾಡುವವನು. 29 ಅಧ್ಯಾಯ, 410 ಪುಟ. ನನಗೆ ಹದಿನಾರು ತಿಂಗಳು ಬೇಕಾಯಿತು. ಕಾಲೇಜಿನ ಪಾಠ, ಪರೀಕ್ಷೆ, ಮೌಲ್ಯಮಾಪನ ಅಂತ ನಡುವೆ ಎರಡು ಸಲ ತಿಂಗಳುಗಟ್ಟಲೆ ನಿಂತುಹೋಗಿತ್ತು. ಹದಿನೈದನೇ ಅಧ್ಯಾಯ ಅಂಥ ಒಂದು ಬಿಡುವಿನ ನಂತರ ಮಾಡಿದ್ದು.

ಅತ್ತೆ ಹೇಳಿದ್ದು ಮನಸ್ಸಿನಿಂದ ಹೋಗಲಿಲ್ಲ. ಮರುದಿನ ನಾಲ್ಕನೇ ಅಧ್ಯಾಯದ ಒಂದು ಪುಟ, ಹದಿನೈದನೆಯದರ ಒಂದು ಪುಟ ಪ್ರಿಂಟ್ ತೆಗೆದು ಪಕ್ಕಪಕ್ಕ ಇಟ್ಟುಕೊಂಡೆ. ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಸಂಗತಿ ಇದೆ. ಗಣಿಯಲ್ಲಿ ಏನೋ ಆಗಿದೆ, ತಾಯಿ ಹಿಂಬಾಗಿಲಲ್ಲಿ ನಿಂತು ವಾಪಸ್ ಬರುವ ಗಂಡಸರನ್ನು ಎಣಿಸುತ್ತಾಳೆ. ನಾಲ್ಕರಲ್ಲಿ ನಾನು ಬರೆದದ್ದು ಹೀಗೆ:

"ಅವ್ವ ಹಿಂಬಾಗಿಲಲ್ಲಿ ನಿಂತು ಎಣಿಸಿದಳು. ಮತ್ತೆ ಎಣಿಸಿದಳು. ಆಮೇಲೆ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು."

ಹದಿನೈದರಲ್ಲಿ ಹೀಗೆ:

"ಸ್ನಾನದ ವ್ಯವಸ್ಥೆ ಗಣಿಯಲ್ಲಿ ಇಲ್ಲದ ಕಾರಣ ಮಸಿ ಮೈಯಲ್ಲೇ ಮನೆಗೆ ಮರಳುತ್ತಿದ್ದ ಗಂಡಸರನ್ನು ಹಿಂಬಾಗಿಲಲ್ಲಿ ನಿಂತು ಪದೇ ಪದೇ ಎಣಿಸುತ್ತಿದ್ದ ಅವ್ವ ಕೊನೆಗೆ ಒಳಹೋಗಿ ಚಹಾ ಸಿದ್ಧಪಡಿಸತೊಡಗಿದಳು."

ಎರಡನೆಯದರಲ್ಲಿ ಅರ್ಥ ತಪ್ಪಿಲ್ಲ. ವ್ಯಾಕರಣವೂ ತಪ್ಪಿಲ್ಲ. ಆದರೆ ಆ ಹೆಂಗಸು ಹಾಗೆ ಮಾತಾಡುವವಳಲ್ಲ. ಮೂಲದಲ್ಲಿ ಎರಡೂ ಕಡೆ ವಾಕ್ಯ ಚಿಕ್ಕದು, ಒಂದು ಕೆಲಸ ಮುಗಿದ ಮೇಲೆ ಇನ್ನೊಂದು. ನಾನು ಮಾತ್ರ ಎಲ್ಲವನ್ನೂ "ಮರಳುತ್ತಿದ್ದ", "ಎಣಿಸುತ್ತಿದ್ದ" ಅಂತ ಪೋಣಿಸಿ ಒಂದೇ ವಾಕ್ಯ ಮಾಡಿದ್ದೆ. ಇಂಗ್ಲಿಷಿನಲ್ಲಿ ಹೆಸರಿನ ನಂತರ ಬರುವ ವಿವರ ಕನ್ನಡದಲ್ಲಿ ಹೆಸರಿಗಿಂತ ಮೊದಲೇ ಬಂದು ಕೂರುತ್ತದೆ. ಹಾಗೆ ಕೂರಿಸುವುದು ಕೈಗೆ ಅಭ್ಯಾಸವಾಗಿಬಿಟ್ಟರೆ, ಮೂಲದಲ್ಲಿ ಬೇಡದ ಕಡೆಯೂ ಕೂರಿಸುತ್ತ ಹೋಗುತ್ತೇವೆ. ಗಣಿಯಲ್ಲಿ ಸ್ನಾನದ ವ್ಯವಸ್ಥೆ ಇರಲಿಲ್ಲ ಅನ್ನುವುದು ಮೂಲದ ಆ ಸಾಲಿನಲ್ಲಿ ಇರಲೇ ಇಲ್ಲ. ಕನ್ನಡದ ಓದುಗರಿಗೆ ಗೊತ್ತಾಗಲಿ ಅಂತ ನಾನೇ ಸೇರಿಸಿದ್ದು, ಅದೂ ಆಕೆಯ ಬಾಯಲ್ಲಿ. ಅತ್ತೆಗೆ ಮಾಸ್ತರ ಕೇಳಿಸಿದ್ದು ಅಲ್ಲಿಯೇ.

ನಮ್ಮ ಅತ್ತೆ ಹಳೇ ಬಾಗಲಕೋಟೆಯ ಮನೆ ಆಲಮಟ್ಟಿ ಹಿನ್ನೀರಿಗೆ ಹೋದ ಕಥೆ ಹೇಳುವಾಗ ಏನನ್ನೂ ವಿವರಿಸುವುದಿಲ್ಲ. "ಬಾಗಿಲಾ ಕಿತಗೊಂಡ ಬಂದ್ವಿ" ಅಂತಾರೆ, ಮುಂದಿನ ಮಾತಿಗೆ ಹೋಗುತ್ತಾರೆ. ಯಾಕೆ ಬಾಗಿಲು ಕಿತ್ತರು ಅಂತ ಕೇಳಿದರೆ ಮಾತ್ರ ಹೇಳುತ್ತಾರೆ. ತಾನು ಬದುಕಿದ್ದನ್ನು ಹೇಳುವವರು ಹೀಗೇ ಹೇಳುತ್ತಾರೆ ಅಲ್ವಾ? ಅವರಿಗೆ ಅದು ಮಾಹಿತಿ ಅಲ್ಲ. ಹಾಗಾಗಿ ವಿವರಣೆಗಳನ್ನೆಲ್ಲ ಆಕೆಯ ಬಾಯಿಂದ ತೆಗೆದೆ. ತೀರಾ ಬೇಕೇ ಬೇಕು ಅನಿಸಿದ ಹನ್ನೊಂದನ್ನು ಪುಸ್ತಕದ ಮೊದಲಲ್ಲಿ ನನ್ನ ಹೆಸರಿನ ಟಿಪ್ಪಣಿಗೆ ಸಾಗಿಸಿದೆ. 1947ರಲ್ಲಿ ಗಣಿಗಳು ಸರ್ಕಾರದ ಕೈಗೆ ಬಂದದ್ದು, ಸ್ನಾನದ ಮನೆಗಳು ಒಂದೊಂದೇ ಗಣಿಗೆ ನಿಧಾನವಾಗಿ ಬಂದದ್ದು, ಇಂಥವು. ಅಲ್ಲಿ ನಾನು ಮಾಸ್ತರಾಗಬಹುದು.

ಎರಡು ಪುಟ ಪಕ್ಕಪಕ್ಕ ಇಟ್ಟಾಗ ಒಂದು ಎಚ್ಚರ ಬೇಕು. ದನಿ ಬದಲಾಗಿದೆ ಅನಿಸಿದ ತಕ್ಷಣ ಅದು ನನ್ನದೇ ತಪ್ಪು ಅಂದುಕೊಳ್ಳಬಾರದು, ಲೇಖಕಿಯೇ ಬದಲಾಗಿರಬಹುದು. ಆಸ್ಪತ್ರೆಯ ಅಧ್ಯಾಯಗಳಲ್ಲಿ ಈಕೆಯ ವಾಕ್ಯಗಳು ನಿಜವಾಗಿಯೂ ಇನ್ನಷ್ಟು ಚಿಕ್ಕದಾಗುತ್ತವೆ. ಅದನ್ನು ತಿಳಿಯಲು ನಾನು ಮಾಡುವುದು ಇಷ್ಟೇ: ಮೂಲದ ಒಂದು ಪುಟದಲ್ಲಿ ಎಷ್ಟು ಪೂರ್ಣವಿರಾಮ ಇವೆ, ಅದೇ ಪುಟದ ಕನ್ನಡದಲ್ಲಿ ಎಷ್ಟು ಇವೆ ಅಂತ ಎಣಿಸುವುದು. ನಾಲ್ಕನೇ ಅಧ್ಯಾಯದಲ್ಲಿ ಮೂಲದ 22ಕ್ಕೆ ನನ್ನದು 24. ಹದಿನೈದರಲ್ಲಿ ಮೂಲದ 23ಕ್ಕೆ ನನ್ನದು 14. ಆಕೆ ಬದಲಾಗಿರಲಿಲ್ಲ, ನಾನು ಬದಲಾಗಿದ್ದೆ. ಪದ ಎಣಿಸಿದರೆ ಉಪಯೋಗ ಕಡಿಮೆ, ಯಾಕಂದರೆ ಇಂಗ್ಲಿಷಿನ ನಾಲ್ಕು ಪದ ಕನ್ನಡದಲ್ಲಿ ಪ್ರತ್ಯಯ ಹತ್ತಿ ಒಂದೇ ಆಗಿರುತ್ತದೆ.

ಇನ್ನು ಅಪ್ಪನ ವಿಷಯ. ಇದರಲ್ಲಿ ನಾನು ಜಾಸ್ತಿ ದಿನ ಸಿಕ್ಕಿಕೊಂಡೆ.

ಇಂಗ್ಲಿಷಿನಲ್ಲಿ ಅಪ್ಪ ಬರೀ "ಹೀ". ಆ ಪದದಲ್ಲಿ ಸಲಿಗೆಯೂ ಇಲ್ಲ, ಗೌರವವೂ ಇಲ್ಲ. ಕನ್ನಡದಲ್ಲಿ ಕ್ರಿಯಾಪದ ಮುಗಿಸಬೇಕಾದರೆ ಬಂದನೋ ಬಂದರೋ ತೀರ್ಮಾನ ಆಗಲೇಬೇಕು, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಆ ಒಂದು ಪ್ರತ್ಯಯದಲ್ಲಿ ಮಗಳು ಅಪ್ಪನಿಂದ ಎಷ್ಟು ದೂರ ನಿಂತಿದ್ದಾಳೆ ಅನ್ನುವುದು ಗೊತ್ತಾಗುತ್ತದೆ. ಮೊದಲ ಅಧ್ಯಾಯದಲ್ಲೇ ನಾನು "ಬಂದ" ಅಂತ ಆರಿಸಿಕೊಂಡೆ. ಈಕೆ ತಾಯಿಯನ್ನು ಕರೆಯುವುದು "ಮ್ಯಾಮ್" ಅಂತ, ಅದು ಆ ಗಣಿ ಸೀಮೆಯ ಮನೆಮಾತು. ಅದಕ್ಕೆ ಅಮ್ಮ ಅಲ್ಲ, ಅವ್ವ ಸರಿ ಅನಿಸಿತು. ಅವ್ವ ಅಂದಮೇಲೆ "ಅಪ್ಪ ಬಂದ" ಅನ್ನುವುದೇ ಸಹಜ, ನಮ್ಮ ಕಡೆ ಹಳ್ಳಿಗಳಲ್ಲಿ ಹಾಗೇ ಅನ್ನುತ್ತಾರೆ.

ಆದರೆ ಇಪ್ಪತ್ತೆರಡನೇ ಅಧ್ಯಾಯದಲ್ಲಿ ಅಪ್ಪ ಸಾಯುತ್ತಾನೆ. ಹಿಂದಿರುಗಿ ನೋಡಿದರೆ ಅಲ್ಲಿ ನಾನು "ಅಪ್ಪ ತೀರಿಕೊಂಡರು" ಅಂತ ಬರೆದುಬಿಟ್ಟಿದ್ದೆ. ಅಷ್ಟೇ ಅಲ್ಲ, ಅಲ್ಲಿಂದ ಮುಂದೆ ನೆನಪಿನಲ್ಲಿ ಬರುವ ಅಪ್ಪ ಎಲ್ಲ ಕಡೆ "ಹೇಳುತ್ತಿದ್ದರು", "ನಗುತ್ತಿದ್ದರು" ಆಗಿದ್ದ. ಗೊತ್ತಿದ್ದು ಮಾಡಿದ್ದಲ್ಲ. ಸತ್ತವರ ಬಗ್ಗೆ ನಮ್ಮ ಬಾಯಲ್ಲಿ ತಾನಾಗಿಯೇ ಬಹುವಚನ ಬರುತ್ತದೆ. ಅತ್ತೆಯನ್ನು ಕೇಳಿದೆ. "ಸತ್ತವ್ರಿಗೆ ಸತ್ತ ಅನಬಾರದವಾ, ತೀರಿಕೊಂಡ್ರು ಅನ್ನಬೇಕು" ಅಂದರು. ಅದು ನಮ್ಮ ಮರ್ಯಾದೆ, ನಿಜ. ಹಾಗಾದರೆ ಮಗಳ ದನಿಯೇ ಇಲ್ಲಿ ಬದಲಾಗಬಹುದಲ್ಲ, ದುಃಖದಿಂದ ಗೌರವ ಬಂತು ಅಂತ ಇಟ್ಟುಕೊಳ್ಳಬಹುದಲ್ಲ ಅಂತ ಒಂದು ವಾರ ಯೋಚಿಸಿದೆ.

ಉತ್ತರ ಮೂಲದಲ್ಲೇ ಇತ್ತು. ಈ ಪುಸ್ತಕ ಪೂರ್ತಿ ಒಬ್ಬ ಮುದುಕಿ ಕೂತು ಹೇಳುವಂಥದ್ದು. ಮೊದಲ ಪುಟದಲ್ಲಿ "ಅಪ್ಪ ಬಂದ" ಅನ್ನುವಾಗಲೂ ಅಪ್ಪ ಸತ್ತು ಎಷ್ಟೋ ವರ್ಷವಾಗಿದೆ, ಅದು ಆಕೆಗೆ ಗೊತ್ತೇ ಇದೆ. ಮೊದಲಲ್ಲಿ ಇಲ್ಲದ ಬಹುವಚನ ನಡುವೆ ಎಲ್ಲಿಂದ ಬರಬೇಕು? ಕಥೆಯಲ್ಲಿ ಹುಡುಗಿ ಬೆಳೆಯುತ್ತಾಳೆ, ಹೇಳುವವಳು ಬೆಳೆಯುವುದಿಲ್ಲ. ಆದ್ದರಿಂದ ನಿರೂಪಣೆಯಲ್ಲಿ ಅಪ್ಪ ಕೊನೆಯವರೆಗೂ ಏಕವಚನ. "ಅಪ್ಪ ಮಂಗಳವಾರ ತೀರಿಕೊಂಡ." ಮರ್ಯಾದೆಯನ್ನು "ತೀರಿಕೊಂಡ" ಅನ್ನುವ ಪದದಲ್ಲಿ ಉಳಿಸಿದೆ, ಪ್ರತ್ಯಯದಲ್ಲಿ ಅಲ್ಲ. ಸಂಭಾಷಣೆಯಲ್ಲಿ ಮಾತ್ರ ಬದಲಾವಣೆ ಬಿಟ್ಟೆ. ಹುಡುಗಿ ಅಪ್ಪನಿಗೆ ನೀನು ಅನ್ನುತ್ತಾಳೆ, ಮೇಟ್ರನ್‌ಗೆ ನೀವು ಅನ್ನುತ್ತಾಳೆ. ಪಕ್ಕದ ಮನೆಯವಳು ಬಂದು "ನಿಮ್ಮಪ್ಪ ಹೋದರಂತೆ" ಅನ್ನುತ್ತಾಳೆ.

ಇದನ್ನು ಸರಿಪಡಿಸಲು ಕಂಪ್ಯೂಟರಿನಲ್ಲಿ "ಅಪ್ಪ" ಅಂತ ಹುಡುಕಿದರೆ ಸಾಲದು. ಕನ್ನಡದಲ್ಲಿ ಕರ್ತೃಪದ ಬಿಟ್ಟುಹೋಗುತ್ತದೆ, ಅಪ್ಪ ಅನ್ನುವ ಪದ ಒಂದು ಸಲ ಬಂದು ಆಮೇಲೆ ಆರು ವಾಕ್ಯ ಬರೀ ಕ್ರಿಯಾಪದದ ಮೇಲೆ ನಡೆದಿರುತ್ತವೆ. ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದು ಕೂರಬೇಕಾಯಿತು.

ಹುಡುಕಾಟ ನೆರವಾದದ್ದು ಆಕೆಯ ಒಂದು ಮಾತಿಗೆ. ಆಕೆ ಪುಟಕ್ಕೊಂದು ಸಲ "ಐ ಸಪೋಸ್" ಅನ್ನುತ್ತಾಳೆ. ಅದು ಅನುಮಾನವಲ್ಲ, ಆಕೆ ಮಾತು ಮುಗಿಸುವ ರೀತಿ. ನಾನು ಮೊದಲ ಎಂಟು ಅಧ್ಯಾಯದಲ್ಲಿ "ಇರಬೇಕು" ಅಂತ ಮಾಡಿದ್ದೆ, ನಡುವೆ "ಬಹುಶಃ", ಆಮೇಲೆ "ಎನಿಸುತ್ತದೆ". "ಬಹುಶಃ" ವಾಕ್ಯದ ಮೊದಲಿಗೆ ಬಂದು ಪತ್ರಿಕೆಯ ಲೇಖನದ ಹಾಗೆ ಕೇಳುತ್ತದೆ. ಆಕೆಯ ಮಾತಿಗೆ ಸರಿಹೊಂದುವುದು ಕೊನೆಯಲ್ಲಿ ಬೀಳುವ "ಏನೋ". "ಅವ್ವನಿಗೆ ಆಗಲೇ ಗೊತ್ತಿತ್ತೇನೋ." ಫೈಲು ಯೂನಿಕೋಡಿನಲ್ಲಿ ಇದ್ದದ್ದರಿಂದ "ಬಹುಶಃ" ಹುಡುಕುವುದು ಸುಲಭವಾಯಿತು, 41 ಸಿಕ್ಕವು. ಎಲ್ಲವನ್ನೂ ಒಂದೇ ಏಟಿಗೆ ಬದಲಾಯಿಸಬಾರದು. ಆಕೆಗೆ ನಿಜವಾಗಿ ಗೊತ್ತಿಲ್ಲದ ಒಂಬತ್ತು ಕಡೆ "ಇರಬಹುದು" ಅಂತ ಮಾಡಿದೆ, ಉಳಿದದ್ದು "ಏನೋ".

ಅಲ್ಲಿಂದ ಮುಂದೆ ಕೆಲಸದ ಕ್ರಮ ಬದಲಾಯಿತು. ದಿನಾ ಶುರು ಮಾಡುವ ಮುಂಚೆ ನಾಲ್ಕನೇ ಅಧ್ಯಾಯದ ಅದೇ ಎರಡು ಪುಟಗಳನ್ನು ಗಟ್ಟಿಯಾಗಿ ಓದುತ್ತಿದ್ದೆ. ಸುಮ್ನೆ ಕಣ್ಣಾಡಿಸಿದರೆ ಆಗುವುದಿಲ್ಲ, ಬಾಯಿಗೆ ಆ ಲಯ ಬರಬೇಕು. ಪೂರ್ತಿ ಮುಗಿದ ಮೇಲೆ ಮೊದಲ ಮೂರು ಅಧ್ಯಾಯಗಳನ್ನು ಹೊಸದಾಗಿ ಅನುವಾದ ಮಾಡಿದೆ. ತಿದ್ದಲಿಲ್ಲ, ಹಳೆಯದನ್ನು ಮುಚ್ಚಿಟ್ಟು ಮತ್ತೆ ಮಾಡಿದೆ. ಅವುಗಳನ್ನು ಮಾಡುವಾಗ ನನಗಿನ್ನೂ ಆಕೆ ಸಿಕ್ಕಿರಲಿಲ್ಲ. ತಿದ್ದುವಾಗ ಅಧ್ಯಾಯಗಳನ್ನು ಸಾಲಾಗಿ ಹಿಡಿಯಲಿಲ್ಲ, 29ರ ಜೊತೆ 1, 15ರ ಜೊತೆ 4, ಹೀಗೆ. ಸಾಲಾಗಿ ಓದಿದರೆ ನಿಧಾನದ ಬದಲಾವಣೆ ಕಿವಿಗೆ ಬೀಳುವುದೇ ಇಲ್ಲ.

ಕರಡು ಪ್ರತಿ ಬಂದಾಗ ಇನ್ನೊಂದು ಕಾದಿತ್ತು. ಕರಡು ತಿದ್ದುವವರು "ಅಂದಳು" ಇದ್ದ ಕಡೆಯೆಲ್ಲ "ಎಂದಳು" ಮಾಡಿದ್ದರು, "ಚಹಾಕ್ಕೆ ನೀರಿಟ್ಟಳು" ಅನ್ನುವುದು "ಚಹಾ ಮಾಡಿದಳು" ಆಗಿತ್ತು. ಅವರ ಲೆಕ್ಕದಲ್ಲಿ ಅದು ಶುದ್ಧಿ, ಅವರಿಗೆ ನಾನು ಏನನ್ನೂ ಹೇಳಿರಲೂ ಇಲ್ಲ. ಆಗ ಎರಡು ಪುಟದ ಒಂದು ಹಾಳೆ ಬರೆದು ಕಳಿಸಿದೆ: ಅಪ್ಪ, ಅವ್ವ, ಅಜ್ಜಿ ಏಕವಚನ, ಮೇಟ್ರನ್ ಮತ್ತು ಡಾಕ್ಟರು ಬಹುವಚನ, ಅಂದಳು ಮಾತ್ರ, ಬಹುಶಃ ಬೇಡ, ಎರಡು ವಾಕ್ಯ ಕೂಡಿಸಬೇಡಿ, ಜೊತೆಗೆ ನಾಲ್ಕನೇ ಅಧ್ಯಾಯದ ಆ ಎರಡು ಪುಟ. ಎರಡನೇ ಕರಡು ಬಂದಾಗ ಅಂದಳುಗಳು ವಾಪಸ್ ಬಂದಿದ್ದವು. ಅಂಚಿನಲ್ಲಿ ಅವರು ಪೆನ್ಸಿಲಿನಲ್ಲಿ ಬರೆದಿದ್ದರು: 287ನೇ ಪುಟದಲ್ಲಿ ಅಪ್ಪ "ಕೂತಿದ್ದರು" ಅಂತಿದೆ, ನೋಡಿ. ನಾನು ಪೆನ್ಸಿಲ್ ಹಿಡಿದು ಎರಡು ಸಲ ದಾಟಿ ಹೋಗಿದ್ದ ಪುಟ ಅದು.